ಕಬಡ್ಡಿ ಪಂದ್ಯಕ್ಕೆ ಕಂಪನಿ ದುಡ್ಡು: ಪ್ರಾಯೋಜಕತ್ವದ ಪತ್ರ ಬರೆಯುವ ಬಗೆ

ಗಣೇಶನ ಚಂದಾ ಎತ್ತಿ ಮುಗಿಯುವಷ್ಟರಲ್ಲಿ ರಾಜ್ಯೋತ್ಸವ ಬರುತ್ತದೆ. ಊರಿನ ಯುವಕ ಸಂಘದ ಹುಡುಗರು ಮತ್ತೆ ಅದೇ ರಸೀದಿ ಪುಸ್ತಕ ಹಿಡಿದು ಅದೇ ಅಂಗಡಿಗಳ ಮುಂದೆ ನಿಲ್ಲುತ್ತಾರೆ. ಅಂಗಡಿಯವರು ನೂರೋ ಇನ್ನೂರೋ ಕೊಟ್ಟು ಕಳಿಸುತ್ತಾರೆ. ಆಗ ಯಾರೋ ಒಬ್ಬರು ಹೇಳುತ್ತಾರೆ: "ಊರಲ್ಲಿ ಇಷ್ಟು ಕಂಪನಿ ಇವೆಯಲ್ಲ, ಒಂದು ಲೆಟರ್ ಕೊಟ್ಟು ಸ್ಪಾನ್ಸರ್ ಕೇಳೋಣ." ಲೆಟರ್ ತಯಾರಾಗುತ್ತದೆ. ಅದರಲ್ಲಿ "ತಾವು ತನು-ಮನ-ಧನಗಳಿಂದ ಸಹಕರಿಸಬೇಕೆಂದು ಕೋರುತ್ತೇವೆ" ಎಂಬ ಸಾಲು ಇದ್ದೇ ಇರುತ್ತದೆ. ಕಂಪನಿಯವರು "ನೋಡೋಣ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಆ ಪತ್ರ ಯಾಕೆ ಕೆಲಸ ಮಾಡುವುದಿಲ್ಲ, ಕೆಲಸ ಮಾಡುವ ಪತ್ರದಲ್ಲಿ ಏನಿರುತ್ತದೆ ಎಂದು ಒಂದು ಉದಾಹರಣೆ ಹಿಡಿದು ನೋಡೋಣ. ತಿಪಟೂರಿನಂಥ ಊರು ಅಂದುಕೊಳ್ಳಿ. ಸುತ್ತಲೂ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಅಲ್ಲಿನ ಸಂಘವೊಂದು ನವೆಂಬರ್ ಮೊದಲ ವಾರ ಎರಡು ದಿನದ ಕಬಡ್ಡಿ ಪಂದ್ಯಾವಳಿ ಮಾಡುತ್ತದೆ. ಸಂಘ, ಕಂಪನಿ, ಲೆಕ್ಕ ಎಲ್ಲವೂ ಇಲ್ಲಿ ವಿವರಣೆಗಾಗಿ ಇಟ್ಟುಕೊಂಡವು. ತೆರಿಗೆ, ಕಾನೂನಿನ ಮಾತು ಮಾತ್ರ ನಿಜವಾದದ್ದೇ.

ದಾನ ಬೇರೆ, ಗೋಡೆ ಬಾಡಿಗೆ ಬೇರೆ

ಬಸ್ಸು ಓಡಾಡುವ ರಸ್ತೆಗೆ ಮುಖ ಮಾಡಿದ ಮನೆಯ ಗೋಡೆಗೆ ಸಿಮೆಂಟ್ ಕಂಪನಿಯವರು ಬಣ್ಣ ಬಳಿದು ಹೆಸರು ಬರೆಸುತ್ತಾರೆ. ಅದಕ್ಕೆ ಮನೆಯವರಿಗೆ ಏನಾದರೂ ಕೊಡುತ್ತಾರೆ. ಅದೇ ಮನೆಯ ಹಿತ್ತಲ ಗೋಡೆಗೆ ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ಮನೆಯವರು ಒಳ್ಳೆಯವರೋ ಕೆಟ್ಟವರೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಆ ಗೋಡೆಯನ್ನು ಎಷ್ಟು ಜನ ನೋಡುತ್ತಾರೆ, ಅವರಲ್ಲಿ ಮನೆ ಕಟ್ಟಿಸುವವರು ಎಷ್ಟು, ಇಷ್ಟೇ ಲೆಕ್ಕ.

ಪ್ರಾಯೋಜಕತ್ವ ಈ ಗೋಡೆ ಬಾಡಿಗೆಯ ಜಾತಿಗೆ ಸೇರಿದ್ದು. ಕಂಪನಿ ದುಡ್ಡು ಕೊಡುತ್ತದೆ, ಬದಲಿಗೆ ಪ್ರಚಾರ ಪಡೆಯುತ್ತದೆ. ದಾನದಲ್ಲಿ ಕೊಟ್ಟವರಿಗೆ ವಾಪಸ್ ಏನೂ ಬರುವುದಿಲ್ಲ. "ಉದಾರ ಮನಸ್ಸಿನಿಂದ ಸಹಾಯ ಮಾಡಿ" ಎಂದು ಬರೆದ ಪತ್ರ ದಾನ ಕೇಳುವ ಪತ್ರ. ಅದನ್ನು ಓದುವ ಮ್ಯಾನೇಜರ್ ಬಳಿ ದಾನಕ್ಕೆಂದು ಬಜೆಟ್ ಇರುವುದು ಅಪರೂಪ. ಪ್ರಚಾರಕ್ಕೆ ಬಜೆಟ್ ಇರುತ್ತದೆ. ನಮ್ಮ ಪತ್ರ ಆ ಜೇಬಿನ ಬಾಗಿಲು ತಟ್ಟಬೇಕು.

ಮೂರನೇ ಜೇಬೊಂದಿದೆ, ಸಿಎಸ್‌ಆರ್. ಇದರ ಬಗ್ಗೆ ಗೊಂದಲ ಜಾಸ್ತಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ದೊಡ್ಡದು ಅಂದರೆ, ವರ್ಷದ ನಿವ್ವಳ ಲಾಭ 5 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿ. ಊರಿನ ಬಹುಪಾಲು ಕಂಪನಿಗಳು ಇದಕ್ಕೆ ಬರುವುದೇ ಇಲ್ಲ. ಬಂದರೂ, ತನ್ನ ಸರಕಿನ ಪ್ರಚಾರಕ್ಕಾಗಿ ಕಂಪನಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ ಎಂದು ನಿಯಮವೇ ಹೇಳುತ್ತದೆ. ಹಾಗಾಗಿ "ತಮ್ಮ ಸಿಎಸ್‌ಆರ್ ನಿಧಿಯಿಂದ ಕೊಡಿ, ತಮ್ಮ ಬ್ಯಾನರ್ ಹಾಕುತ್ತೇವೆ" ಎಂಬ ಸಾಲು ತನ್ನನ್ನು ತಾನೇ ಹೊಡೆದುಹಾಕುತ್ತದೆ. ತಿಳಿದವರು ಅಲ್ಲಿಗೇ ಪತ್ರ ಮಡಿಸಿಡುತ್ತಾರೆ.

ನಮ್ಮ ಗೋಡೆ ಎಷ್ಟು ದೊಡ್ಡದು?

ಪತ್ರ ಬರೆಯುವ ಮೊದಲು ನಮ್ಮ ಬಳಿ ಮಾರಲು ಏನಿದೆ ಎಂದು ಎಣಿಸಿಕೊಳ್ಳಬೇಕು. "ಸಾವಿರಾರು ಪ್ರೇಕ್ಷಕರು" ಎಂದು ಎಲ್ಲರೂ ಬರೆಯುತ್ತಾರೆ. ಅದನ್ನು ಯಾರೂ ನಂಬುವುದಿಲ್ಲ.

ನಮ್ಮ ಸಂಘದ ಲೆಕ್ಕ ಹೀಗಿದೆ ಅಂದುಕೊಳ್ಳಿ. 16 ತಂಡ. ಸೋತವರು ಹೊರಗೆ ಎಂಬ ಪದ್ಧತಿ, ಅಂದರೆ ಒಟ್ಟು 15 ಪಂದ್ಯ. ಗಂಡಸರ ಒಂದು ಪಂದ್ಯ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಮುಂದಿನ ತಂಡ ಅಂಕಣಕ್ಕೆ ಇಳಿಯಲು ಇನ್ನೊಂದು 10 ನಿಮಿಷ. ಒಂದು ಪಂದ್ಯಕ್ಕೆ ಹೆಚ್ಚು ಕಡಿಮೆ 55 ನಿಮಿಷ, 15 ಪಂದ್ಯಕ್ಕೆ 13 ಗಂಟೆಗೂ ಜಾಸ್ತಿ. ಅಂಕಣದ ಪಕ್ಕ ಕಟ್ಟಿದ ಬ್ಯಾನರ್ ಎರಡು ದಿನದಲ್ಲಿ ಅಷ್ಟು ಹೊತ್ತು ಜನರ ಕಣ್ಣ ಮುಂದೆ ಇರುತ್ತದೆ. ಪ್ರತಿ ಪಂದ್ಯದ ಬಿಡುವಿನಲ್ಲಿ ಒಂದು ಸಲ, ಮುಗಿದ ಮೇಲೆ ಒಂದು ಸಲ ಮೈಕಿನಲ್ಲಿ ಹೆಸರು ಹೇಳಿದರೆ 30 ಸಲ ಆಯಿತು. ಇವು ಯಾರೂ ಅಲ್ಲಗಳೆಯಲಾಗದ ಸಂಖ್ಯೆಗಳು.

ಪ್ರೇಕ್ಷಕರನ್ನೂ ಹೀಗೇ ಎಣಿಸಬಹುದು. ಕಳೆದ ವರ್ಷ ಶಾಮಿಯಾನದವರು ಎಷ್ಟು ಕುರ್ಚಿ ಕೊಟ್ಟಿದ್ದರು, ಗ್ಯಾಲರಿಯಲ್ಲಿ ಎಷ್ಟು ಸಾಲು ಇತ್ತು ಎಂಬುದು ಅವರ ಬಿಲ್ಲಿನಲ್ಲೇ ಇರುತ್ತದೆ. 750 ಜನ ಕೂರುವ ಜಾಗ ಎರಡು ದಿನವೂ ತುಂಬಿತ್ತು ಎಂದರೆ "ಎರಡು ದಿನ ಸೇರಿ ಸುಮಾರು 1,500" ಎಂದು ಬರೆಯಬಹುದು. ಜೊತೆಗೆ ತುಂಬಿದ ಗ್ಯಾಲರಿಯ ಒಂದು ಫೋಟೋ ಇರಲಿ. ಇದು ಮೊದಲ ವರ್ಷವಾದರೆ ಹಾಗೆಯೇ ಹೇಳಿಬಿಡಿ, ಕೂರುವ ಜಾಗದ ಸಂಖ್ಯೆ ಮಾತ್ರ ಕೊಡಿ.

ಬಂದವರು ಯಾರು ಎಂಬುದು ಎಷ್ಟು ಜನ ಎಂಬುದಕ್ಕಿಂತ ಮುಖ್ಯ. 16 ತಂಡಗಳು ಯಾವ ಊರಿನವು, ನೋಡಲು ಬರುವವರಲ್ಲಿ ತೋಟ ಇರುವವರು ಎಷ್ಟು, ಕಾಲೇಜು ಹುಡುಗರು ಎಷ್ಟು ಎಂಬ ಅಂದಾಜು ಸಂಘದವರಿಗೆ ಇದ್ದೇ ಇರುತ್ತದೆ. ಕಂಪನಿ ಆರಿಸುವುದು ಇದರ ಮೇಲೆ.

ಯಾವ ಕಂಪನಿ, ಯಾರ ಹೆಸರಿಗೆ?

ಹದಿನೈದು ಕಂಪನಿಗೆ ಒಂದೇ ಪತ್ರದ ಜೆರಾಕ್ಸ್ ಹಂಚುವುದಕ್ಕಿಂತ, ಮೂರು ಕಂಪನಿಗೆ ಬೇರೆ ಬೇರೆ ಪತ್ರ ಬರೆಯುವುದು ಮೇಲು. ನಮ್ಮ ಪ್ರೇಕ್ಷಕರಲ್ಲಿ ಬಹಳ ಜನ ತೆಂಗು ಬೆಳೆಯುವವರು. ಪಂದ್ಯ ನಡೆಯುವುದು ನವೆಂಬರಿನಲ್ಲಿ. ಮಳೆ ಹಿಂದೆ ಸರಿದು, ಬೇಸಿಗೆಯಲ್ಲಿ ತೋಟಕ್ಕೆ ನೀರು ಹೇಗೆ ಎಂಬ ಯೋಚನೆ ಶುರುವಾಗುವ ಹೊತ್ತು. ಹಾಗಾದರೆ ಡ್ರಿಪ್ ಮತ್ತು ಪೈಪ್ ಮಾರುವ ಕಂಪನಿಗೆ ಈ ಜನ, ಈ ಸಮಯ ಎರಡೂ ಹೊಂದುತ್ತವೆ. ಅದೇ ಪಂದ್ಯಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾರುವವರನ್ನು ಕೇಳಿದರೆ ಹಿತ್ತಲ ಗೋಡೆ ತೋರಿಸಿದಂತೆ.

ಇನ್ನು "ಇವರಿಗೆ, ವ್ಯವಸ್ಥಾಪಕರು" ಎಂದು ಬರೆದ ಪತ್ರ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ. ಮೊದಲು ಊರಿನ ಡೀಲರ್ ಹತ್ತಿರ ಹೋಗಿ, "ಇಂಥದ್ದಕ್ಕೆ ಯಾರು ಒಪ್ಪಿಗೆ ಕೊಡಬೇಕು ಸರ್?" ಎಂದು ಕೇಳಿ. ಎಷ್ಟೋ ಕಡೆ ಡೀಲರ್ ಸ್ವಲ್ಪ, ಕಂಪನಿಯ ಪ್ರಾದೇಶಿಕ ಕಚೇರಿ ಸ್ವಲ್ಪ ಹಾಕಿಕೊಳ್ಳುತ್ತಾರೆ. ಆಗ ಪತ್ರ ಕಚೇರಿಯ ಮಾರಾಟ ವಿಭಾಗದವರ ಹೆಸರಿಗೆ ಹೋಗಬೇಕು, ಅದರ ಒಂದು ನಕಲು ಡೀಲರಿಗೆ. ಡೀಲರ್ ಒಂದು ಮಾತು ಮೇಲಕ್ಕೆ ಹೇಳಿದರೆ ಅರ್ಧ ಕೆಲಸ ಆದಂತೆ.

ಪಂದ್ಯಕ್ಕೆ ಎಂಟು ಹತ್ತು ವಾರ ಮೊದಲು ಪತ್ರ ತಲುಪಬೇಕು. ಒಪ್ಪಿಗೆ ಮೇಲಿನಿಂದ ಬರಬೇಕು, ಬ್ಯಾನರ್ ವಿನ್ಯಾಸ ಅವರ ಕಡೆಯಿಂದ ಬರಬೇಕು, ದುಡ್ಡು ಬಿಡುಗಡೆಯಾಗಬೇಕು. ಹದಿನೈದು ದಿನ ಮೊದಲು ಕೊಟ್ಟ ಪತ್ರಕ್ಕೆ ಕಂಪನಿ ಇಷ್ಟಪಟ್ಟರೂ ದುಡ್ಡು ಕೊಡಿಸಲಾಗುವುದಿಲ್ಲ.

ಪ್ರಾಯೋಜಕರಿಗೆ ಲಾಭ: ಬ್ಯಾನರ್ ಆದ ಮೇಲೆ ಏನು?

ಈಗ ನಿಜವಾದ ವಿಷಯಕ್ಕೆ ಬರೋಣ. "ತಮ್ಮ ಸಂಸ್ಥೆಗೆ ಉತ್ತಮ ಪ್ರಚಾರ ಸಿಗಲಿದೆ" ಎಂಬುದು ಲಾಭವಲ್ಲ, ಆಸೆ. ಲಾಭ ಅಂದರೆ ಪಂದ್ಯ ಮುಗಿದ ಮೇಲೆ ಎಣಿಸಬಹುದಾದದ್ದು ಅಥವಾ ಫೋಟೋದಲ್ಲಿ ತೋರಿಸಬಹುದಾದದ್ದು. ಪತ್ರ ಓದಿದ ಮ್ಯಾನೇಜರ್ ತನ್ನ ಮೇಲಿನವರಿಗೆ ಉತ್ತರ ಹೇಳಬೇಕು. ಅವನ ಕೈಗೆ ಉತ್ತರ ಕೊಡುವುದೇ ಪತ್ರದ ಕೆಲಸ.

ಡ್ರಿಪ್ ಕಂಪನಿಯವನ ತಲೆಯಲ್ಲಿ ಓಡುವ ಲೆಕ್ಕ ನೋಡಿ. ಸಂಘ 75,000 ರೂಪಾಯಿ ಕೇಳುತ್ತಿದೆ. ಪ್ರೇಕ್ಷಕರು 1,500. ಒಬ್ಬೊಬ್ಬರಿಗೆ ಹೆಸರು ತೋರಿಸಲು 50 ರೂಪಾಯಿ ಬಿತ್ತು. ಬರೀ ಬ್ಯಾನರಿಗೆ ಇದು ದುಬಾರಿ. ಅವನು ಬೇಡ ಅಂದರೆ ತಪ್ಪಿಲ್ಲ. ಆದರೆ ಮೈದಾನದ ಬಾಗಿಲಲ್ಲೇ ಅವನಿಗೊಂದು ಮಳಿಗೆ ಕೊಟ್ಟು, ತೋಟದವರು ಅಲ್ಲಿಗೆ ಬರುವಂತೆ ಮಾಡಿದರೆ ಲೆಕ್ಕ ಬದಲಾಗುತ್ತದೆ. 100 ರೈತರು ನಿಂತು ಮಾತಾಡಿ ತಮ್ಮ ನಂಬರ್ ಬರೆದು ಹೋದರೆ, ಒಂದು ವಿಚಾರಣೆಗೆ 750 ರೂಪಾಯಿ. ಅದರಲ್ಲಿ ಎಷ್ಟು ಜನ ಡ್ರಿಪ್ ಹಾಕಿಸಿದರೆ ದುಡ್ಡು ಹುಟ್ಟುತ್ತದೆ ಎಂಬುದು ಅವನಿಗೆ ಬಾಯಿಪಾಠ. ನಾವು ಹೇಳಬೇಕಿಲ್ಲ.

ರೈತರು ಮಳಿಗೆಗೆ ಯಾಕೆ ಬರಬೇಕು? ಸುಮ್ನೆ ಪಾಂಪ್ಲೆಟ್ ಹಂಚಿದರೆ ಯಾರೂ ನಿಲ್ಲುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಡ್ರಿಪ್‌ನ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ. ಇದು ತೋಟದವರೆಲ್ಲ ಬಲ್ಲ ತಲೆನೋವು. "ನಿಮ್ಮ ಬೋರ್ ನೀರು ಒಂದು ಬಾಟಲಿ ತನ್ನಿ, ಉಚಿತವಾಗಿ ಪರೀಕ್ಷಿಸಿ ಹೇಳುತ್ತಾರೆ" ಎಂದು ಸಂಘ ಊರೂರಿಗೆ ಹೇಳಬಹುದು. ಗಡಸುತನ ನೋಡುವ ಸಣ್ಣ ಕಿಟ್, ಟಿಡಿಎಸ್ ಮೀಟರ್ ಇದ್ದರೆ ನಿಂತಲ್ಲೇ ಒಂದು ಅಂದಾಜು ಸಿಗುತ್ತದೆ. (ಇದು ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್. ದುಡ್ಡಿನಲ್ಲಿ ಕರಗುವ ಇನ್ನೊಂದು ಟಿಡಿಎಸ್ ಮುಂದೆ ಬರುತ್ತದೆ.) ಬಾಟಲಿ ಹಿಡಿದು ಬಂದವನು ಕಂಪನಿಗೆ ಬೇಕಾದ ಗಿರಾಕಿಯೇ, ಅಲ್ವಾ? ನಂಬರ್ ಬರೆಯುವ ಪುಸ್ತಕದ ಮೇಲೆ "ಕಂಪನಿಯವರು ಕರೆ ಮಾಡಲು ನನ್ನ ಒಪ್ಪಿಗೆ ಇದೆ" ಎಂಬ ಸಾಲಿರಲಿ, ರೈತರೇ ತಮ್ಮ ಕೈಯಾರೆ ಬರೆಯಲಿ. ತಂಡಗಳ ನೋಂದಣಿಗೆ ಕೊಟ್ಟ ನಂಬರುಗಳನ್ನು ಕಂಪನಿಗೆ ದಾಟಿಸಬಾರದು.

ಇನ್ನೊಂದು ದೊಡ್ಡ ಲಾಭಕ್ಕೆ ನಮಗೆ ಒಂದು ಪೈಸೆ ಖರ್ಚಿಲ್ಲ: "ಈ ಪಂದ್ಯಾವಳಿಗೆ ಬೇರೆ ಯಾವ ಡ್ರಿಪ್, ಪೈಪ್ ಕಂಪನಿಯನ್ನೂ ಸೇರಿಸಿಕೊಳ್ಳುವುದಿಲ್ಲ" ಎಂಬ ಮಾತು. ಎದುರಾಳಿಯ ಬ್ಯಾನರ್ ಪಕ್ಕದಲ್ಲಿ ತನ್ನ ಬ್ಯಾನರ್ ನೇತಾಡುವುದು ಯಾರಿಗೂ ಇಷ್ಟವಿಲ್ಲ. ಆದರೆ ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಕೊನೆಯ ವಾರದಲ್ಲಿ ಗೆಳೆಯನ ಹಾರ್ಡ್‌ವೇರ್ ಅಂಗಡಿಯವರು 5,000 ಕೊಟ್ಟು ಯಾವುದೋ ಪೈಪ್ ಕಂಪನಿಯ ಬ್ಯಾನರ್ ತಂದು ಕಟ್ಟುತ್ತಾರೆ. ಜಗಳ ಅಲ್ಲೇ ಶುರು.

75,000 ಎಲ್ಲಿಂದ ಬಂತು?

ನಮಗೆ ಕೊರತೆ ಎಷ್ಟಿದೆ ಎಂಬುದರಿಂದ ಬೆಲೆ ಶುರುವಾಗುತ್ತದೆ, ಕಂಪನಿಗೆ ಅದು ಎಷ್ಟು ಬೆಲೆಬಾಳುತ್ತದೆ ಎಂಬಲ್ಲಿ ನಿಲ್ಲುತ್ತದೆ. ನಮ್ಮ ಖರ್ಚು ಹೀಗೆ: ಶಾಮಿಯಾನ, ಲೈಟು, ಗ್ಯಾಲರಿಗೆ 70,000. ಮ್ಯಾಟ್ ಬಾಡಿಗೆ, ಸಾಗಾಟಕ್ಕೆ 30,000. ಬಹುಮಾನ 60,000. ಒಂದು ತಂಡದಲ್ಲಿ 12 ಆಟಗಾರರು, ಜೊತೆಗೆ ಇಬ್ಬರು ಎಂದರೆ 224 ಜನರ ಎರಡು ದಿನದ ಊಟಕ್ಕೆ 54,000. ತೀರ್ಪುಗಾರರಿಗೆ 20,000, ಪ್ರಥಮ ಚಿಕಿತ್ಸೆಗೆ 6,000. ಒಟ್ಟು 2,40,000.

ತಂಡಗಳ ಪ್ರವೇಶ ಶುಲ್ಕ 1,500ರಂತೆ 24,000 ಬರುತ್ತದೆ. ಸಂಘದ ಕೈಯಿಂದ 36,000. ಉಳಿದ 1,80,000ಕ್ಕೆ ಮುಖ್ಯ ಪ್ರಾಯೋಜಕರೊಬ್ಬರು 75,000, ಸಹ ಪ್ರಾಯೋಜಕರು ಮೂವರು ತಲಾ 25,000, ಊರಿನ ಹತ್ತು ಅಂಗಡಿಯವರು ತಲಾ 3,000. ಸರಿಹೋಯಿತು.

ಈ ಲೆಕ್ಕವನ್ನು ಅರ್ಧ ಪುಟದಲ್ಲಿ ಪತ್ರದ ಜೊತೆ ಇಡಿ. ಸಂಘ ತನ್ನ ಕೈಯಿಂದಲೂ ಹಾಕುತ್ತಿದೆ, ಪೂರ್ತಿ ಭಾರ ತನ್ನ ಮೇಲಿಲ್ಲ ಎಂದು ಕಂಪನಿಗೆ ಗೊತ್ತಾಗುತ್ತದೆ. "ತಮಗೆ ತೋಚಿದಷ್ಟು ಕೊಡಿ" ಎಂದರೆ ತೋಚುವುದು 1,001 ಮಾತ್ರ.

ಪತ್ರ

ಒಂದೇ ಪುಟ. ಸಂಘದ ಲೆಟರ್‌ಹೆಡ್ ಮೇಲೆ, ದಿನಾಂಕ ಹಾಕಿ. ವಿಷಯದ ಸಾಲಿನಲ್ಲೇ ಏನು, ಎಲ್ಲಿ, ಯಾವಾಗ, ಎಷ್ಟು ಎಂಬುದು ಬಂದುಬಿಡಲಿ.

> ಇವರಿಗೆ,
> ಶ್ರೀ/ಶ್ರೀಮತಿ …………, ಪ್ರಾದೇಶಿಕ ಮಾರಾಟ ವ್ಯವಸ್ಥಾಪಕರು
>
> ವಿಷಯ: ತಿಪಟೂರು ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಾವಳಿಗೆ (ನವೆಂಬರ್ ……, ಎರಡು ದಿನ) ರೂ. 75,000ದ ಮುಖ್ಯ ಪ್ರಾಯೋಜಕತ್ವ ಕೋರಿ
>
> ಮಾನ್ಯರೇ,
>
> ನಮ್ಮ ಸಂಘದ ಪಂದ್ಯಾವಳಿಗೆ ಈ ಬಾರಿ 16 ತಂಡಗಳು ಬರುತ್ತಿವೆ. ಕಳೆದ ವರ್ಷ ಎರಡು ದಿನ ಸೇರಿ ಸುಮಾರು 1,500 ಜನ ಬಂದಿದ್ದರು (ಫೋಟೋ ಲಗತ್ತಿಸಿದೆ). ಬಂದವರಲ್ಲಿ ಹೆಚ್ಚಿನವರು ತೆಂಗು ಬೆಳೆಗಾರರ ಮನೆಯವರು. ಬೇಸಿಗೆಯ ನೀರಿನ ಏರ್ಪಾಡು ಯೋಚಿಸುವ ಹೊತ್ತಿಗೆ ಈ ಪಂದ್ಯ ನಡೆಯುತ್ತದೆ. ಆದ್ದರಿಂದ ತಮ್ಮ ಸಂಸ್ಥೆಯನ್ನು ಮೊದಲು ಕೇಳುತ್ತಿದ್ದೇವೆ.
>
> ರೂ. 75,000ಕ್ಕೆ ತಮಗೆ ಸಿಗುವುದು:
> ಮೈದಾನದ ಬಾಗಿಲಲ್ಲಿ 10 ಅಡಿ ಉದ್ದ, 10 ಅಡಿ ಅಗಲದ ಮಳಿಗೆ, ವಿದ್ಯುತ್ ಸಹಿತ, ಎರಡೂ ದಿನ. ಅಲ್ಲಿ ತಾವು ಬೋರ್ ನೀರು ಪರೀಕ್ಷೆ ನಡೆಸುವುದಾದರೆ, 16 ತಂಡಗಳ ಊರುಗಳಲ್ಲೂ ಮೊದಲೇ ನಾವು ತಿಳಿಸುತ್ತೇವೆ.
> ಅಂಕಣದ ಎರಡೂ ಬದಿ ಬಟ್ಟೆ ಬ್ಯಾನರ್ ಒಂದೊಂದು. ಒಟ್ಟು 15 ಪಂದ್ಯಗಳಲ್ಲಿ 30 ಬಾರಿ ಮೈಕಿನಲ್ಲಿ ಹೆಸರು.
> ಬೇರೆ ಡ್ರಿಪ್ ಅಥವಾ ಪೈಪ್ ಕಂಪನಿಯ ಪ್ರಚಾರ ಇರುವುದಿಲ್ಲ.
> ಪಂದ್ಯ ಮುಗಿದ 15 ದಿನದೊಳಗೆ ಫೋಟೋ ಸಹಿತ ವರದಿ.
>
> ಅರ್ಧ ಹಣ ಒಪ್ಪಿಗೆಯಾದಾಗ, ಉಳಿದರ್ಧ ಪಂದ್ಯಕ್ಕೆ ಒಂದು ವಾರ ಮೊದಲು, ಸಂಘದ ಬ್ಯಾಂಕ್ ಖಾತೆಗೆ. ಸಂಘದ ನೋಂದಣಿ ಪತ್ರ, ಪ್ಯಾನ್ ಪ್ರತಿ, ಖರ್ಚಿನ ಅಂದಾಜು ಲಗತ್ತಿಸಿದೆ.
>
> ಮುಂದಿನ ಬುಧವಾರ ತಮ್ಮ ಕಚೇರಿಗೆ ಕರೆ ಮಾಡುತ್ತೇವೆ. ತಾವು ಹೇಳಿದ ಸಮಯಕ್ಕೆ ಬಂದು ಭೇಟಿಯಾಗುತ್ತೇವೆ.
>
> ವಂದನೆಗಳೊಂದಿಗೆ,
> ಅಧ್ಯಕ್ಷರು / ಕಾರ್ಯದರ್ಶಿ (ಹೆಸರು, ಫೋನ್)

ಸಂಘದ ಇಪ್ಪತ್ತು ವರ್ಷದ ಇತಿಹಾಸ ಇದರಲ್ಲಿ ಇಲ್ಲ. ಬೇಕಿದ್ದರೆ ಬೇರೆ ಹಾಳೆಯಲ್ಲಿ ಇಡಬಹುದು. ಕೊನೆಯ ಪ್ಯಾರಾ ನೋಡಿ: "ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇವೆ" ಎಂದು ಬರೆದರೆ ಕೆಲಸ ಅವರ ತಲೆಗೆ ಹೋಗುತ್ತದೆ. ಕರೆ ಮಾಡುವ ಕೆಲಸ ನಮ್ಮದೇ ಆಗಿರಲಿ.

ಅಕೌಂಟೆಂಟ್ ಕೇಳುವ ಪ್ರಶ್ನೆಗಳು

ಮ್ಯಾನೇಜರ್ ಒಪ್ಪಿದ ಮೇಲೆ ಪತ್ರ ಅಕೌಂಟ್ಸ್ ಮೇಜಿಗೆ ಹೋಗುತ್ತದೆ. ಎಷ್ಟೋ ಪ್ರಾಯೋಜಕತ್ವ ಇಲ್ಲೇ ನಿಂತುಬಿಡುತ್ತದೆ.

ಮೊದಲನೆಯದು ಟಿಡಿಎಸ್, ಅಂದರೆ ಹಣ ಕೊಡುವವರೇ ಸ್ವಲ್ಪ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು. ಆದಾಯ ತೆರಿಗೆ ಇಲಾಖೆ ಪ್ರಾಯೋಜಕತ್ವವನ್ನು ಜಾಹೀರಾತು ಕೆಲಸ ಎಂದೇ ನೋಡುತ್ತದೆ. ಒಂದೇ ಸಲಕ್ಕೆ 30,000 ದಾಟಿದರೆ, ಅಥವಾ ವರ್ಷಕ್ಕೆ ಒಟ್ಟು 1 ಲಕ್ಷ ದಾಟಿದರೆ, ಸಂಘಕ್ಕೆ ಕೊಡುವಾಗ ಶೇಕಡಾ 2 ಹಿಡಿಯುತ್ತಾರೆ. 75,000ದಲ್ಲಿ 1,500 ಹೋಗಿ 73,500 ಕೈಗೆ ಬರುತ್ತದೆ. ಸಂಘಕ್ಕೆ ಪ್ಯಾನ್ ಇಲ್ಲದಿದ್ದರೆ ಶೇಕಡಾ 20, ಅಂದರೆ 15,000 ಹಿಡಿಯಬೇಕಾಗುತ್ತದೆ! ಅಧ್ಯಕ್ಷರ ಸ್ವಂತ ಪ್ಯಾನ್ ಕೊಟ್ಟರೆ ಅದು ಅವರ ಸ್ವಂತ ಆದಾಯವಾಗಿ ಕಾಣುತ್ತದೆ. ಹಿಡಿದ ದುಡ್ಡು ಸಂಘದ ತೆರಿಗೆ ಲೆಕ್ಕದಲ್ಲಿ ಜಮೆಯಾಗುತ್ತದೆ. ತೆರಿಗೆ ಕಟ್ಟಬೇಕಾಗಿಲ್ಲದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಎರಡನೆಯದು ಜಿಎಸ್‌ಟಿ. ಪ್ರಾಯೋಜಕರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದು, ಕಾರ್ಯಕ್ರಮ ಮಾಡುವವರು ಕಂಪನಿಯಂಥ ಸಂಸ್ಥೆ ಅಲ್ಲದಿದ್ದರೆ, ಶೇಕಡಾ 18 ಜಿಎಸ್‌ಟಿಯನ್ನು ಪ್ರಾಯೋಜಕರೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಸಾಮಾನ್ಯವಾಗಿ ಜಿಎಸ್‌ಟಿ ಕಟ್ಟುವುದು ಮಾರುವವರು, ಇಲ್ಲಿ ತಿರುಗಾಮುರುಗಾ. 75,000ಕ್ಕೆ ಇದು 13,500. ಕಂಪನಿಯ ದೃಷ್ಟಿಯಲ್ಲಿ ನಾವು ಕೇಳಿದ್ದು 88,500 ಎಂದಾಯಿತು. ಬಹಳ ಸಲ ಅವರು ಇದನ್ನು ತಮ್ಮ ಬೇರೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೂ ಮೊದಲು ಕೈಯಿಂದ ಹೋಗುತ್ತದೆ. ಕಾರ್ಯಕ್ರಮ ಮಾಡುವುದೇ ಒಂದು ಕಂಪನಿಯಾಗಿದ್ದರೆ 2025ರ ಜನವರಿ 16ರಿಂದ ನಿಯಮ ಬೇರೆ: ಆಗ ಜಿಎಸ್‌ಟಿ ಹಾಕಿ ಬಿಲ್ ಕೊಡುವುದು ಅವರೇ. ನಿಮ್ಮ ಸಂಘ ಯಾವ ಬಗೆಯಲ್ಲಿ ಬರುತ್ತದೆ ಎಂದು ಊರಿನ ಲೆಕ್ಕಪರಿಶೋಧಕರನ್ನು ಪತ್ರ ಕೊಡುವ ಮೊದಲೇ ಕೇಳಿಕೊಳ್ಳಿ.

ಮೂರನೆಯದು ನಗದು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ, ಕಂಪನಿ ಅದನ್ನು ವ್ಯಾಪಾರದ ಖರ್ಚು ಎಂದು ತೋರಿಸಲಾಗುವುದಿಲ್ಲ. ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ಬೇಕು ಎನ್ನುವುದು ಇದಕ್ಕೇ.

ಎಲ್ಲಿ ಎಡವುತ್ತದೆ?

ಪತ್ರದಲ್ಲಿ "ಬಟ್ಟೆ ಬ್ಯಾನರ್" ಎಂದು ಬರೆದದ್ದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ ನಿಷೇಧದಲ್ಲಿವೆ. ಎಲ್ಲ ಕಡೆ ಕಾಣುತ್ತವೆ ನಿಜ. ಆದರೆ ನಗರಸಭೆಯವರು ಬೆಳಿಗ್ಗೆ ಬಂದು ಕಿತ್ತೊಯ್ದರೆ, ಕಂಪನಿಗೆ ಕೊಟ್ಟ ಮಾತು ಅವರ ಟ್ರ್ಯಾಕ್ಟರಿನಲ್ಲೇ ಹೋಯಿತು. ಊರಿನ ಸರ್ಕಲ್ಲಿನಲ್ಲಿ ಕಟ್ಟುವುದಾದರೆ ಅನುಮತಿ ಕೈಗೆ ಬರುವವರೆಗೆ ಅದನ್ನು ಪತ್ರದಲ್ಲಿ ಬರೆಯಬಾರದು.

ಟಿವಿ ಚಾನೆಲ್ಲಿನಲ್ಲಿ ಬರುತ್ತದೆ, ಶಾಸಕರ ಕೈಯಲ್ಲಿ ಸನ್ಮಾನ ಮಾಡಿಸುತ್ತೇವೆ ಎಂಬ ಭರವಸೆಗಳೂ ಹೀಗೇ. ಅವು ನಮ್ಮ ಕೈಯಲ್ಲಿಲ್ಲ. ಮಳಿಗೆ, ಮೈಕು, ಬ್ಯಾನರ್ ನಮ್ಮ ಕೈಯಲ್ಲಿವೆ. ಮಳೆ ಬಂದು ಒಂದು ದಿನ ಪಂದ್ಯ ನಿಂತರೆ ಏನು ಎಂಬುದನ್ನು ಭೇಟಿಯಾದಾಗಲೇ ಮಾತಾಡಿ, ಒಂದು ಸಾಲು ಬರೆದಿಟ್ಟುಕೊಳ್ಳಿ: ಇಂಥ ದಿನಕ್ಕೆ ಮುಂದೂಡುತ್ತೇವೆ, ಮಳಿಗೆ ಆಗಲೂ ಇರುತ್ತದೆ.

ಕಂಪನಿ ಪೂರ್ತಿ ಒಪ್ಪದೆ "40,000 ಮಾತ್ರ ಆಗುತ್ತೆ" ಎನ್ನಬಹುದು. ಆಗ ಎಲ್ಲ ಸೌಲಭ್ಯ ಹಾಗೇ ಇಟ್ಟು ಬೆಲೆ ಇಳಿಸಿದರೆ, 25,000 ಕೊಟ್ಟ ಸಹ ಪ್ರಾಯೋಜಕರು "ನಮಗ್ಯಾಕೆ ಮಳಿಗೆ ಇಲ್ಲ?" ಎಂದು ಕೇಳುತ್ತಾರೆ. ಬೆಲೆ ಇಳಿದರೆ ಸೌಲಭ್ಯವೂ ಇಳಿಯಬೇಕು: ಮಳಿಗೆ ಒಂದೇ ದಿನ, ಬ್ಯಾನರ್ ಒಂದೇ ಬದಿ. ಬೇರೆ ದಾರಿಯೂ ಉಂಟು. ದುಡ್ಡಿನ ಬದಲು ಬಹುಮಾನದ ಟ್ರೋಫಿಯನ್ನೋ ಆಟಗಾರರ ಜೆರ್ಸಿಯನ್ನೋ ಕಂಪನಿಯೇ ನೇರವಾಗಿ ಮಾಡಿಸಿಕೊಡಬಹುದು.

ಪಂದ್ಯ ಮುಗಿದ ರಾತ್ರಿ ಶಾಮಿಯಾನ ಬಿಚ್ಚುವ ಗಡಿಬಿಡಿಯಲ್ಲಿ ವರದಿಯ ನೆನಪು ಯಾರಿಗೂ ಇರುವುದಿಲ್ಲ. ಅದಕ್ಕೆ ಮೊದಲೇ ಒಬ್ಬ ಹುಡುಗನಿಗೆ ಅದೊಂದೇ ಕೆಲಸ ಕೊಡಿ. ಬ್ಯಾನರ್ ಮತ್ತು ಜನ ಒಂದೇ ಚೌಕಟ್ಟಿನಲ್ಲಿ ಇರುವ ನಾಲ್ಕು ಫೋಟೋ, ಮೈಕಿನಲ್ಲಿ ಹೆಸರು ಹೇಳುವ ಒಂದು ಸಣ್ಣ ವಿಡಿಯೋ, ಮಳಿಗೆಗೆ ಎಷ್ಟು ಬಾಟಲಿ ನೀರು ಬಂತು ಎಂಬ ಲೆಕ್ಕ, ಪತ್ರಿಕೆಯಲ್ಲಿ ಬಂದ ಸುದ್ದಿಯ ತುಣುಕು. ಎರಡು ಪುಟ ಸಾಕು. ನೂರು ಬಾಟಲಿ ಬರುತ್ತದೆ ಅಂದುಕೊಂಡು ಅರವತ್ತೇ ಬಂದಿದ್ದರೆ ಅರವತ್ತು ಎಂದೇ ಬರೆಯಿರಿ. ಮಳಿಗೆಯಲ್ಲಿ ಕೂತಿದ್ದ ಕಂಪನಿಯ ಹುಡುಗನೂ ಅದನ್ನು ಎಣಿಸಿರುತ್ತಾನೆ.